ಹೊಸ ಶಾಟ್ ತೆಗೆಯುವಂತಿಲ್ಲ. ಇರುವ 37 ಕ್ಲಿಪ್‌ಗಳಲ್ಲೇ ಎರೆ–ಮಸಾರಿ ಮಣ್ಣಿನ ವಿಡಿಯೋಗೆ ಸ್ಟೋರಿಬೋರ್ಡ್ ಹೇಗೆ ಮಾಡಲಿ?

ಕಾರಟಗಿ ವಿಜ್ಞಾನ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ 9ನೇ ತರಗತಿ ಮಕ್ಕಳು ನವೆಂಬರ್‌ನಲ್ಲಿ ಒಂದು ಪ್ರಯೋಗ ಮಾಡಿದರು. ಎರೆ ಅನ್ನುವ ಕಪ್ಪು ಮಣ್ಣಿನಲ್ಲಿ ನೀರು ಬೇಗ ಇಳಿಯುತ್ತದೋ, ಮಸಾರಿ ಅನ್ನುವ ಕೆಂಪು ಮಣ್ಣಿನಲ್ಲೋ ಅಂತ.

ಎರಡು ಒಂದು ಲೀಟರ್ ಬಾಟಲಿ ತಗೊಂಡು ತಳ ಕತ್ತರಿಸಿದರು. ಬಾಯಿಗೆ ಹಳೆಯ ಪಂಚೆ ಬಟ್ಟೆ ಕಟ್ಟಿ ತಲೆಕೆಳಗೆ ಇಟ್ಟರು. ಒಂದರಲ್ಲಿ 300 ಗ್ರಾಂ ಒಣ ಎರೆ, ಇನ್ನೊಂದರಲ್ಲಿ 300 ಗ್ರಾಂ ಒಣ ಮಸಾರಿ. ಎರಡಕ್ಕೂ 300 ಮಿಲಿ ನೀರು ಹಾಕಿ ಕೆಳಗೆ ಎಷ್ಟು ಇಳಿಯಿತು ಅಂತ ಅಳೆದರು. ಜೊತೆಗೆ ಹೊಲಕ್ಕೂ ಹೋಗಿ ಬಂದೆವು.

ಎರಡು ಫೋನ್‌ಗಳಲ್ಲಿ ಒಟ್ಟು 37 ಕ್ಲಿಪ್ ಇವೆ. ಈಗ ಮಣ್ಣು ಚೆಲ್ಲಿಯಾಗಿದೆ, ಆ ಹೊಲವನ್ನು ಉತ್ತಿದ್ದಾರೆ, ಪ್ರದರ್ಶನಕ್ಕೆ 9 ದಿನ ಇದೆ. ಆದ್ದರಿಂದ ಇರುವುದರಲ್ಲೇ ಮಾಡೋಣ ಅಂತ ತರಗತಿಯಲ್ಲಿ ಎಲ್ಲರೂ ಸೇರಿ ಒಪ್ಪಿದ್ದೇವೆ. ವಿಡಿಯೋ 4 ನಿಮಿಷ ಮೀರಬಾರದು.

ಮಕ್ಕಳು ಮೊದಲು ಚೆಂದದ ಸ್ಟೋರಿಬೋರ್ಡ್ ಬರೆದರು. 22 ಚೌಕ, 22 ಚಿತ್ರ. ಆಮೇಲೆ ಕ್ಲಿಪ್ ಹುಡುಕಲು ಕೂತರೆ 9 ಚೌಕಕ್ಕೆ ಕ್ಲಿಪ್ಪೇ ಇಲ್ಲ. ಎಲ್ಲಿ ತಪ್ಪಿದೆವು? ಎಲ್ಲಿಂದ ಶುರು ಮಾಡಬೇಕು?

ಮಾನ್ವಿ ಮೇಷ್ಟ್ರು

ಟೀಚರ್, ನಮ್ಮ ಶಾಲೆಯಲ್ಲೂ ಹೋದ ವರ್ಷ ಹೀಗೇ ಆಯ್ತು. ನಮ್ಮದು ಹನಿ ನೀರಾವರಿ ಮಾದರಿ. ಮೋಟರ್ ಶಬ್ದ ಜಾಸ್ತಿ ಇದ್ದು ಹುಡುಗರ ಮಾತು ಒಂದೂ ಕೇಳಿಸಲಿಲ್ಲ. ಭಾನುವಾರ ಎಲ್ಲರನ್ನೂ ಕರೆಸಿ ಪೂರ್ತಿ ಮತ್ತೆ ತೆಗೆದೆವು. ಅರ್ಧ ದಿನದ ಕೆಲಸ. ನೀವೂ ಎರಡು ಬಾಟಲಿ ಇಟ್ಟು ಆ 9 ಶಾಟ್ ತೆಗೆದುಬಿಡಿ. ಎರೆ ಮಣ್ಣು ನಿಮ್ಮ ಕಡೆ ಎಲ್ಲಿ ಬೇಕಾದರೂ ಸಿಗುತ್ತೆ ಅಲ್ವಾ?

ಕಾರಟಗಿ ವಿಜ್ಞಾನ ಟೀಚರ್

ಮೇಷ್ಟ್ರೇ, ಮಣ್ಣು ಸಿಗುತ್ತೆ. ಆದರೆ ಅದು ಆ ಹೊಲದ ಆ ಮಣ್ಣಲ್ಲ. ಇವತ್ತು ತೆಗೆದ ಶಾಟ್ ಅನ್ನು ನವೆಂಬರ್‌ನ ಅಳತೆ ಪಕ್ಕ ಇಟ್ಟರೆ ನೋಡುವವರಿಗೆ ಸುಳ್ಳು ಹೇಳಿದ ಹಾಗೆ. ಅದಕ್ಕೇ ಬೇಡ ಅಂದೆವು.

ಬಳ್ಳಾರಿ ಎಡಿಟಿಂಗ್ ಟೇಬಲ್

ಟೀಚರ್, ನಾನು 14 ವರ್ಷದಿಂದ ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದೇನೆ. ನಮ್ಮ ಕೆಲಸವೂ ಇದೇ. ಧಾರೆ ಮುಗಿದ ಮೇಲೆ ಮತ್ತೆ ಧಾರೆ ಎರೆಸೋಕೆ ಆಗಲ್ಲ. ಬಂದ ಮೆಮೊರಿ ಕಾರ್ಡ್‌ನಲ್ಲಿ ಏನಿದೆಯೋ ಅದೇ.

ನೀವು ಚಿತ್ರದಿಂದ ಕ್ಲಿಪ್ ಕಡೆಗೆ ಹೋದಿರಿ. ಶೂಟಿಂಗ್ ಮುಂದಿದ್ದಾಗ ಹಾಗೆ ಮಾಡಬೇಕು. ಶೂಟಿಂಗ್ ಮುಗಿದಿದ್ದರೆ ಕ್ಲಿಪ್‌ನಿಂದ ಚಿತ್ರದ ಕಡೆಗೆ ಬರಬೇಕು. ಆ 22 ಚೌಕದ ಹಾಳೆಯನ್ನು ಸದ್ಯ ಪಕ್ಕಕ್ಕಿಡಿ.

ನೋಟ್‌ಬುಕ್ ಹಾಳೆಯನ್ನು ನಾಲ್ಕು ತುಂಡು ಮಾಡಿ. ಒಂದು ಕ್ಲಿಪ್‌ಗೆ ಒಂದು ಚೀಟಿ. ಎಡಗಡೆ ಮೊದಲು ಕಾಣುವ ದೃಶ್ಯದ ಚಿತ್ರ, ಬಲಗಡೆ ಕೊನೆಗೆ ಕಾಣುವ ದೃಶ್ಯದ ಚಿತ್ರ. ಕಡ್ಡಿ ಮನುಷ್ಯ ಸಾಕು. ಎರಡು ಚಿತ್ರ ಯಾಕೆ ಅಂದರೆ, ಒಂದು ಕ್ಲಿಪ್‌ನ ಕೊನೆ ಇನ್ನೊಂದರ ಶುರುವಿಗೆ ಅಂಟಬೇಕು. ಕೂಡಿಸುವಾಗ ನಡುವೆ ಏನಿದೆ ಅನ್ನೋದಕ್ಕಿಂತ ಆ ಎರಡು ತುದಿ ಮುಖ್ಯ. ಕೆಳಗೆ ಮೂರು ಸಂಗತಿ ಬರೆಯಿಸಿ. ಎಷ್ಟನೇ ಸೆಕೆಂಡಿಂದ ಎಷ್ಟನೇ ಸೆಕೆಂಡ್‌ವರೆಗೆ ಚೆನ್ನಾಗಿದೆ, ಶಬ್ದ ಬಳಸಬಹುದಾ, ಯಾವ ದಿನ ತೆಗೆದದ್ದು. ಆ ದಿನ ಬರೆಯೋದನ್ನು ಮಾತ್ರ ಬಿಡಬೇಡಿ.

ಮಕ್ಕಳಿಗೆ ಇನ್ನೊಂದು ಮಾತು ಹೇಳಿ. ಚೀಟಿಯಲ್ಲಿ ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು. 'ಎರೆ ಮಣ್ಣು ನೀರು ಹಿಡಿಯುತ್ತದೆ' ಅಂತ ಬರೆದರೆ ಅದು ಕ್ಲಿಪ್‌ನಲ್ಲಿಲ್ಲ, ನಿಮ್ಮ ತಲೆಯಲ್ಲಿದೆ. 'ಬಾಟಲಿಯಲ್ಲಿ ಮಣ್ಣಿನ ಮೇಲೆ ನೀರು ನಿಂತಿದೆ' ಅಂತ ಬರೆದರೆ ಅದು ಕ್ಲಿಪ್‌ನಲ್ಲಿದೆ.

ನಾಲ್ಕೈದು ಮುಖ್ಯ ಕ್ಲಿಪ್‌ಗಳ ಪಟ್ಟಿ ಹಾಕಿ, ನೋಡೋಣ.

ರಾಯಚೂರು ರೀಲ್ಸ್

ಟೀಚರ್, ಇಷ್ಟೆಲ್ಲ ಚೀಟಿ ಯಾಕೆ? ಎಲ್ಲ ಕ್ಲಿಪ್ ಎಡಿಟಿಂಗ್ ಆ್ಯಪ್‌ಗೆ ಹಾಕಿ ಟೈಮ್‌ಲೈನ್‌ನಲ್ಲೇ ಜೋಡಿಸ್ತಾ ಹೋದರೆ ಆಯ್ತು. ಇಲ್ಲದ ಶಾಟ್‌ಗೆ ಇಂಟರ್ನೆಟ್‌ನಲ್ಲಿ ಫ್ರೀ ವಿಡಿಯೋ ಸಿಗುತ್ತೆ. ಹನಿ ಬೀಳುವ ಕ್ಲಿಪ್ ಇದ್ದರೆ ಸ್ಲೋ ಮೋಷನ್ ಮಾಡಿ, ಸೂಪರ್ ಆಗಿರುತ್ತೆ.

ಬಳ್ಳಾರಿ ಎಡಿಟಿಂಗ್ ಟೇಬಲ್

ತಮ್ಮ, ಒಬ್ಬನೇ ಕೂತು ಮಾಡೋದಾದರೆ ಟೈಮ್‌ಲೈನ್ ಸಾಕು. ಇಲ್ಲಿ ತರಗತಿ ತುಂಬ ಮಕ್ಕಳಿದ್ದಾರೆ, ಫೋನ್ ಎರಡೇ. ಚೀಟಿ ನೆಲದ ಮೇಲಿದ್ದರೆ ಎಲ್ಲರಿಗೂ ಕಾಣುತ್ತೆ, ಎಲ್ಲರ ಕೈಗೂ ಸಿಗುತ್ತೆ. ಬೇರೆಯವರ ವಿಡಿಯೋ ಇವರ ನಿಯಮಕ್ಕೇ ಹೊಂದಲ್ಲ.

ಸ್ಲೋ ಮೋಷನ್ ಅಂದೆಯಲ್ಲ, ಸಾಮಾನ್ಯ ಫೋನ್ ಕ್ಲಿಪ್‌ನಲ್ಲಿ ಸೆಕೆಂಡಿಗೆ 30 ಚಿತ್ರ ಇರುತ್ತೆ. ನಾಲ್ಕು ಪಟ್ಟು ನಿಧಾನ ಮಾಡಿದರೆ ಸೆಕೆಂಡಿಗೆ ಏಳೋ ಎಂಟೋ ಉಳಿಯುತ್ತೆ. ಹನಿ ತಡೆತಡೆದು ಬಿದ್ದ ಹಾಗೆ ಕಾಣುತ್ತೆ. ತೆಗೆಯುವಾಗಲೇ ಫೋನ್‌ನಲ್ಲಿ ಸ್ಲೋ ಮೋಷನ್ ಇಟ್ಟಿದ್ದರೆ ಮಾತು ಬೇರೆ. ಬೇಗ ಓಡಿಸೋದಕ್ಕೆ ಈ ತೊಂದರೆ ಇಲ್ಲ.

ಕಾರಟಗಿ ವಿಜ್ಞಾನ ಟೀಚರ್

ಇವತ್ತು ಎರಡು ಪೀರಿಯಡ್ ಚೀಟಿ ಮಾಡಿದೆವು. ಮುಖ್ಯವಾದವು ಇವು.

ಕ್ಲಿಪ್ 3: ನೀರು ಹಾಯಿಸದ ಎರೆಹೊಲದ ಬಿರುಕು. ಒಬ್ಬ ಹುಡುಗ ಬಿರುಕಿಗೆ ಕಡ್ಡಿ ಇಳಿಬಿಡುತ್ತಾನೆ. ಗಾಳಿ ಶಬ್ದ ಜೋರು.

ಕ್ಲಿಪ್ 9: ಎರೆ ಮಣ್ಣಿಗೆ ನೀರು ಸುರಿಯುವುದು. ಹತ್ತಿರದಿಂದ, ಕಿಟಕಿ ಬೆಳಕಿನಲ್ಲಿ. ಇದು ನಮ್ಮ ಅತಿ ಚೆಂದದ ಕ್ಲಿಪ್. ಫೋನ್ ನೆಟ್ಟಗೆ, ಉದ್ದಕ್ಕೆ ಹಿಡಿದು ತೆಗೆದದ್ದು. ಕೆಳಗೆ ಸ್ಟೀಲ್ ಲೋಟ.

ಕ್ಲಿಪ್ 15: ಹೆಂಟೆ ಒಡೆದು ಜರಡಿ ಹಿಡಿಯುವುದು.

ಕ್ಲಿಪ್ 22: ಎರೆ ಮಣ್ಣಿಗೆ ನೀರು ಸುರಿಯುವುದು, ದೂರದಿಂದ. ಇದೂ ಉದ್ದಕ್ಕೆ. 6ನೇ ಸೆಕೆಂಡಿಂದ 10ನೇ ಸೆಕೆಂಡ್‌ವರೆಗೆ ಒಬ್ಬಳ ಮೊಣಕೈ ಅಡ್ಡ.

ಕ್ಲಿಪ್ 24: ಎರಡೂ ಬಾಟಲಿ, ಫೋನ್ ಸ್ಟೂಲ್ ಮೇಲಿಟ್ಟದ್ದು. 11 ನಿಮಿಷಕ್ಕೆ ಫೋನ್‌ನಲ್ಲಿ ಜಾಗ ತುಂಬಿ ನಿಂತುಹೋಗಿದೆ.

ಕ್ಲಿಪ್ 26: 30ನೇ ನಿಮಿಷದಲ್ಲಿ ಎರೆ ಬಾಟಲಿಯ ಕೆಳಗಿನ ಬೀಕರ್. 45 ಮಿಲಿ ಗೆರೆ ಕಾಣುತ್ತದೆ. ಮಸಾರಿಯ 190 ಮಿಲಿ ಯಾರೂ ತೆಗೆದಿಲ್ಲ.

ಮಕ್ಕಳ ಯೋಚನೆ: 9ರಿಂದ ನೀರು ಸುರಿಯುವುದು, 24ರಿಂದ ಕಾಯುವುದು, 26ರಿಂದ ಉತ್ತರ. 22 ಚೆನ್ನಾಗಿಲ್ಲ, ಬಿಡೋಣ ಅಂತಿದ್ದಾರೆ.

ಬಳ್ಳಾರಿ ಎಡಿಟಿಂಗ್ ಟೇಬಲ್

ಟೀಚರ್, ಒಂದು ನಿಮಿಷ. 9ರಲ್ಲಿ ಸ್ಟೀಲ್ ಲೋಟ. 26ರಲ್ಲಿ ಬೀಕರ್. ಎರಡೂ ಒಂದೇ ದಿನದ್ದಾ?

ಕಾರಟಗಿ ವಿಜ್ಞಾನ ಟೀಚರ್

ಅಲ್ಲ ಸರ್. 9 ಮಂಗಳವಾರದ್ದು, 15, 22, 24, 26 ಶನಿವಾರದವು. ಈಗ ಗಮನಿಸಿದರೆ ಬಟ್ಟೆಯೂ ಬೇರೆ. ಶನಿವಾರ ಮಕ್ಕಳು ಬಿಳಿ ಯೂನಿಫಾರ್ಮ್‌ನಲ್ಲಿದ್ದಾರೆ.

ಎರಡು ಸಲ ಯಾಕೆ ಮಾಡಿದೆವು ಅಂತ ಹೇಳಬೇಕು. ಮಂಗಳವಾರ ಎರೆ ಮಣ್ಣನ್ನು ಹೆಂಟೆ ಸಮೇತ ಹಾಕಿದ್ದರು. ನೀರು ಸುರಿದ ತಕ್ಷಣ ಕೆಳಗೆ ಬಂತು. ಮೂರೇ ನಿಮಿಷದಲ್ಲಿ 110 ಮಿಲಿ. ಮಸಾರಿಗಿಂತ ಬೇಗ! ಪುಸ್ತಕದಲ್ಲಿರುವುದಕ್ಕೆ ಪೂರ್ತಿ ಉಲ್ಟಾ. ಮಕ್ಕಳು ಗಾಬರಿಯಾದರು. ಶನಿವಾರ ಹೆಂಟೆ ಒಡೆದು, ಜರಡಿ ಹಿಡಿದು ಮತ್ತೆ ಮಾಡಿದೆವು. ಆಗ ಸರಿ ಬಂತು. ಮಂಗಳವಾರದ್ದು ಕೆಟ್ಟುಹೋದದ್ದು ಅಂತ ಮಕ್ಕಳು ಅದರ ಬಗ್ಗೆ ಮಾತೇ ಆಡುತ್ತಿಲ್ಲ. ಸುರಿಯುವ ಶಾಟ್ ಮಾತ್ರ ಚೆಂದ ಇದೆ ಅಂತ ಇಟ್ಟುಕೊಂಡಿದ್ದಾರೆ.

ಎರೆಮಣ್ಣು ಓದಿದವಳು

ಮೇಡಂ, ನಾನು ರಾಯಚೂರಿನಲ್ಲಿ ಕೃಷಿ ಪದವಿ ಓದಿದವಳು. ಮಂಗಳವಾರದ ಪ್ರಯೋಗ ಕೆಟ್ಟಿಲ್ಲ, ದಯವಿಟ್ಟು ಬಿಸಾಡಬೇಡಿ.

ಎರೆ ಮಣ್ಣಿನಲ್ಲಿ ಜೇಡಿ ಜಾಸ್ತಿ. ಒಣಗಿದಾಗ ಕುಗ್ಗಿ ಬಿರಿಯುತ್ತದೆ, ನೆನೆದಾಗ ಉಬ್ಬುತ್ತದೆ. ಹೆಂಟೆ ಹಾಕಿದಾಗ ನಡುವೆ ದೊಡ್ಡ ಸಂದು ಉಳಿದವು. ನೀರು ಮಣ್ಣಿನೊಳಗೆ ಹೋಗದೆ ಸಂದಿನಲ್ಲಿ ಜಾರಿ ಕೆಳಗೆ ಬಂತು. ಹೊಲದಲ್ಲೂ ಬೇಸಿಗೆ ಕಳೆದು ಮೊದಲ ಮಳೆ ಬಿದ್ದಾಗ ಹೀಗೇ ಆಗುತ್ತದೆ. ನೀರು ಬಿರುಕಿಗೆ ಸುರಿದು ಆಳಕ್ಕೆ ಹೋಗುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಮೇಲೇ ನಿಲ್ಲುತ್ತದೆ. ನಿಮ್ಮ ಕ್ಲಿಪ್ 3ರ ಬಿರುಕು, ಕ್ಲಿಪ್ 9ರ ಹೆಂಟೆ, ಎರಡೂ ಒಂದೇ ಮಾತು ಹೇಳುತ್ತಿವೆ. ಮಕ್ಕಳಿಗೆ ಗೊತ್ತಿಲ್ಲದೆಯೇ ಎರಡನ್ನೂ ತೆಗೆದಿದ್ದಾರೆ!

ಬಳ್ಳಾರಿ ಎಡಿಟಿಂಗ್ ಟೇಬಲ್

ಈಗ ಕಥೆ ಸಿಕ್ಕಿತು, ಟೀಚರ್.

ಮೊದಲು ಒಂದು ಮಾತು ಖಡಕ್ಕಾಗಿ ಹೇಳಿಬಿಡುತ್ತೇನೆ. 9ರ ಸುರಿಯುವಿಕೆಗೆ 26ರ ಅಳತೆ ಕೂಡಿಸಬಾರದು. ಲೋಟ ಬೇರೆ, ಬಟ್ಟೆ ಬೇರೆ ಅನ್ನೋದು ಸಣ್ಣ ವಿಷಯ. 9ರಲ್ಲಿ ಸುರಿದ ನೀರು 110 ಮಿಲಿ ಕೊಟ್ಟಿತ್ತು. 26 ತೋರಿಸೋದು 45. ಕತ್ತರಿ ಹಾಕಿದ ಜಾಗದಲ್ಲಿ ಒಂದು ಪ್ರಯೋಗ ಮಾಯವಾಗಿ ಇನ್ನೊಂದು ಬರುತ್ತೆ. ನೋಡುವವರಿಗೆ ಅದು ಗೊತ್ತೇ ಆಗಲ್ಲ. ಮದುವೆಯಲ್ಲಿ ನಾನು ಬೆಳಗಿನ ನಗುವನ್ನು ಸಂಜೆಯ ಊಟಕ್ಕೆ ಕೂಡಿಸುತ್ತೇನೆ, ಯಾರಿಗೂ ನಷ್ಟ ಇಲ್ಲ. ಇಲ್ಲಿ ಆ ಕತ್ತರಿಯೇ ಫಲಿತಾಂಶ ಬದಲಿಸುತ್ತೆ.

ಮಕ್ಕಳಿಗೆ ಸುಲಭದ ದಾರಿ ಹೇಳುತ್ತೇನೆ. ಮಂಗಳವಾರದ ಚೀಟಿಗಳ ಮೂಲೆಗೆ ಕೆಂಪು ಚುಕ್ಕೆ, ಶನಿವಾರದವಕ್ಕೆ ನೀಲಿ ಚುಕ್ಕೆ ಇಡಲಿ. ಸಾಲಾಗಿ ಜೋಡಿಸಿದ ಮೇಲೆ ಚುಕ್ಕೆ ಮಾತ್ರ ನೋಡುತ್ತಾ ಹೋಗಲಿ. ಕೆಂಪಿನಿಂದ ನೀಲಿಗೆ ಹಾರುವ ಪ್ರತಿ ಜಾಗದಲ್ಲೂ 'ದಿನ ಬದಲಾಯಿತು' ಅಂತ ನೋಡುವವರಿಗೆ ಹೇಳಿದ್ದೀವಾ ಅಂತ ಕೇಳಿಕೊಳ್ಳಲಿ.

ಇನ್ನು 22ನ್ನು ಬಿಡಬೇಡಿ. 9 ಮತ್ತು 22 ಎರಡೂ ಉದ್ದಕ್ಕೆ ಹಿಡಿದವು ಅಂದಿರಿ. ಉದ್ದದ ಕ್ಲಿಪ್ ಒಂದನ್ನೇ ಅಡ್ಡ ಪರದೆಗೆ ಹಾಕಿದರೆ ಮೂರನೇ ಒಂದು ಭಾಗವೂ ತುಂಬಲ್ಲ, ಎರಡು ಕಡೆ ಕಪ್ಪು. ಅದೇ ಎರಡನ್ನು ಅಕ್ಕಪಕ್ಕ ಇಟ್ಟರೆ? ಎಡಕ್ಕೆ ಮಂಗಳವಾರದ ಎರೆ ಹೆಂಟೆ, ಬಲಕ್ಕೆ ಶನಿವಾರದ ಎರೆ ಪುಡಿ. ಒಂದೇ ಮಣ್ಣು. ಎಡಗಡೆ ನೀರು ಸುರೀತಾ ಇರೋದು, ಬಲಗಡೆ ಒಂದು ಹನಿಯೂ ಇಲ್ಲದಿರೋದು, ಒಂದೇ ಸಲ ಕಾಣುತ್ತೆ. ನಿಮ್ಮ ಹತ್ತಿರ ಇದಕ್ಕಿಂತ ಗಟ್ಟಿಯಾದ ಶಾಟ್ ಇಲ್ಲ.

ಎರಡನ್ನೂ ನೀರು ಮಣ್ಣಿಗೆ ಮೊದಲು ತಾಗುವ ಕ್ಷಣದಿಂದ ಶುರು ಮಾಡಿ. 22ರಲ್ಲಿ ಮೊಣಕೈ ಅಡ್ಡ ಬರುವ 4 ಸೆಕೆಂಡ್ ಕತ್ತರಿಸುವಾಗ 9ರಿಂದಲೂ ಅದೇ 4 ಸೆಕೆಂಡ್ ಕತ್ತರಿಸಿ. ಒಂದರಲ್ಲೇ ಕತ್ತರಿಸಿದರೆ ಬಲಗಡೆ ಗಡಿಯಾರ 4 ಸೆಕೆಂಡ್ ಮುಂದೆ ಓಡುತ್ತೆ, ಹೋಲಿಕೆ ಕೆಡುತ್ತೆ.

ಎರೆಮಣ್ಣು ಓದಿದವಳು

ಅಕ್ಕಪಕ್ಕ ಇಡುವ ಯೋಚನೆ ತುಂಬಾ ಹಿಡಿಸಿತು. ಒಂದು ಅನುಮಾನ ಮಾತ್ರ ಇದೆ. ಎರಡು ದಿನವೂ ಒಂದೇ ವೇಗದಲ್ಲಿ ಸುರಿದಿದ್ದಾರಾ? ಒಮ್ಮೆಲೇ ಸುರಿದರೆ ಸಂದಿನಲ್ಲಿ ಇನ್ನೂ ಬೇಗ ಜಾರುತ್ತದೆ.

ಕಾರಟಗಿ ವಿಜ್ಞಾನ ಟೀಚರ್

ನೋಡಿದೆವು. ಮಂಗಳವಾರ 5 ಸೆಕೆಂಡಿನಲ್ಲಿ ಪೂರ್ತಿ ಸುರಿದಿದ್ದಾನೆ. ಶನಿವಾರ ಸುರಿದವಳು ಸುಮಾರು 12 ಸೆಕೆಂಡ್ ತಗೊಂಡಿದ್ದಾಳೆ. ಹಾಗಾದರೆ ಪಕ್ಕದಲ್ಲಿ ಇಡಬಾರದಾ?

ಎರೆಮಣ್ಣು ಓದಿದವಳು

ಇಡಿ. ಆದರೆ ವ್ಯತ್ಯಾಸಕ್ಕೆ ಹೆಂಟೆಯೊಂದೇ ಕಾರಣ ಅಂತ ಹೇಳಬೇಡಿ. 'ಮಂಗಳವಾರ ಬೇಗ ಸುರಿದೆವು, ಮಣ್ಣೂ ಹೆಂಟೆಯಾಗಿತ್ತು' ಅಂತ ಎರಡನ್ನೂ ಹೇಳಿಸಿ. ನನ್ನ ಪ್ರಕಾರ ಹೆಂಟೆಯ ಪಾಲೇ ದೊಡ್ಡದು. ಯಾಕಂದರೆ ಶನಿವಾರ ಅರ್ಧ ಗಂಟೆ ಕಾದರೂ 45 ಮಿಲಿ ಮಾತ್ರ ಬಂದಿದೆ. ಸುರಿದ ವೇಗ ಅಷ್ಟು ಹೊತ್ತು ಕೆಲಸ ಮಾಡಲ್ಲ.

ರಾಯಚೂರು ರೀಲ್ಸ್

ಸರಿ, ಹನಿ ವಿಷಯ ಒಪ್ಪಿದೆ. ಆ 11 ನಿಮಿಷದ ಕ್ಲಿಪ್‌ಗೆ ಒಂದು ಉಪಾಯ ಹೇಳ್ತೀನಿ. 11 ನಿಮಿಷವನ್ನು ಬೇಗ ಓಡಿಸಿ, ಕೊನೆಗೆ ನಿಧಾನಕ್ಕೆ ಮಸುಕು ಮಾಡಿ 26ಕ್ಕೆ ಸೇರಿಸಿ. 11ರಿಂದ 30 ನಿಮಿಷದ ನಡುವೆ ಕ್ಲಿಪ್ ಇಲ್ಲ ಅಂತ ಯಾರಿಗೂ ಗೊತ್ತಾಗಲ್ಲ.

ಬಳ್ಳಾರಿ ಎಡಿಟಿಂಗ್ ಟೇಬಲ್

ಬೇಗ ಓಡಿಸೋದು ಸರಿ ತಮ್ಮ. 11 ನಿಮಿಷ ಅಂದರೆ 660 ಸೆಕೆಂಡ್. 30 ಪಟ್ಟು ಓಡಿಸಿದರೆ 22 ಸೆಕೆಂಡ್. ಹನಿ ಹನಿಯಾಗಿ ಕಾಣಲ್ಲ, ಆದರೆ ಬೀಕರ್‌ನಲ್ಲಿ ಮಟ್ಟ ಏರೋದು ಚೆನ್ನಾಗಿ ಕಾಣುತ್ತೆ. ನಮಗೆ ಬೇಕಾದದ್ದೂ ಅದೇ. ಮೂಲೆಯಲ್ಲಿ ನಿಮಿಷದ ಅಂಕಿ ಹಾಕಿ. ಇಲ್ಲದಿದ್ದರೆ ಎರೆಯಲ್ಲೂ ನೀರು ಸರಸರ ಇಳಿಯಿತು ಅಂತ ಅನ್ನಿಸುತ್ತೆ.

ಮಸುಕು ಮಾಡಿ ಸೇರಿಸೋದು ಮಾತ್ರ ಬೇಡ. ಹಾಗೆ ಮಾಡಿದರೆ ಕ್ಯಾಮೆರಾ 30 ನಿಮಿಷವೂ ಅಲ್ಲೇ ಇತ್ತು ಅಂತ ನೋಡುವವರು ಅಂದುಕೊಳ್ಳುತ್ತಾರೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ 4 ಸೆಕೆಂಡ್ ಹಾಕಿ: '11ನೇ ನಿಮಿಷಕ್ಕೆ ಫೋನ್ ನಿಂತಿತು. ನಾವು 30ನೇ ನಿಮಿಷದವರೆಗೆ ಕಾದೆವು.'

ಮಾನ್ವಿ ಮೇಷ್ಟ್ರು

ಆ ಕಪ್ಪು ಪರದೆ ಹೊಸದಾಗಿ ಮಾಡಿದ್ದೇ ಅಲ್ವಾ? ಹಿನ್ನೆಲೆ ಮಾತೂ ಹೊಸ ರೆಕಾರ್ಡಿಂಗೇ. ಹಾಗಾದರೆ 'ಇರುವ ಕ್ಲಿಪ್ ಮಾತ್ರ' ಅನ್ನೋ ನಿಯಮ ಎಲ್ಲಿ ಉಳಿಯಿತು? ತಪ್ಪು ತಿಳಿಯಬೇಡಿ, ನಿಜವಾಗಿಯೂ ಕೇಳುತ್ತಿದ್ದೇನೆ.

ಕಾರಟಗಿ ವಿಜ್ಞಾನ ಟೀಚರ್

ಒಳ್ಳೆ ಪ್ರಶ್ನೆ ಮೇಷ್ಟ್ರೇ. ತರಗತಿಯಲ್ಲೂ ಇದೇ ಜಗಳ ಆಯ್ತು. ಕಣ್ಣಿಗೆ ಸಾಕ್ಷಿಯಾಗಿ ಕಾಣುವುದು ಹಳೆಯದೇ ಇರಬೇಕು, ವಿವರಿಸುವ ಮಾತು ಮತ್ತು ಅಕ್ಷರ ಹೊಸದಾಗಿರಬಹುದು ಅಂತ ಹೆಚ್ಚಿನವರು ಒಪ್ಪಿದರು. ಆರು ಮಕ್ಕಳು ಒಪ್ಪಲಿಲ್ಲ. ಮಾತೂ ಆವತ್ತಿನದೇ ಇರಬೇಕು ಅಂತಾರೆ. ಅವರ ಮಾತಿಗೆ ಬೆಲೆ ಕೊಟ್ಟು, ಕ್ಲಿಪ್‌ನಲ್ಲಿ ಒಳ್ಳೆ ಶಬ್ದ ಇರುವ ಕಡೆ ಹೊಸ ಮಾತು ಹಾಕುತ್ತಿಲ್ಲ. 9ರಲ್ಲಿ ಒಬ್ಬ ಹುಡುಗಿ 'ಮೇಡಂ, ಎರೆಯಲ್ಲೇ ಬೇಗ ಬಂತು!' ಅಂತ ಕೂಗಿದ್ದಾಳೆ. ಅದನ್ನು ಹಾಗೇ ಇಡುತ್ತೇವೆ.

ಈಗ ನನ್ನ ದೊಡ್ಡ ಚಿಂತೆ ಮಸಾರಿಯ 190 ಮಿಲಿ. ಅದರ ಕ್ಲಿಪ್ ಇಲ್ಲದೆ 45 ಒಂದನ್ನೇ ತೋರಿಸಿದರೆ ಏನು ಪ್ರಯೋಜನ?

ಬಳ್ಳಾರಿ ಎಡಿಟಿಂಗ್ ಟೇಬಲ್

ಶನಿವಾರದ ಕ್ಲಿಪ್‌ಗಳ ಕೊನೆಯ ಐದು ಸೆಕೆಂಡ್ ಎಲ್ಲಾ ನೋಡಿ. ಮಕ್ಕಳು ನಿಲ್ಲಿಸುವ ಗುಂಡಿ ಒತ್ತುವ ಮೊದಲು ಫೋನ್ ಅತ್ತಿತ್ತ ತಿರುಗಿಸಿರುತ್ತಾರೆ. ಅಲ್ಲಿ ಬೀಕರ್ರೋ ಬೋರ್ಡೋ ನೋಟ್‌ಬುಕ್ಕೋ ಸಿಕ್ಕಿರಬಹುದು. ಮದುವೆ ಕ್ಲಿಪ್‌ಗಳಲ್ಲಿ ಎಷ್ಟೋ ಸಲ ತಪ್ಪಿಹೋದ ಅಜ್ಜಿ ನನಗೆ ಅಲ್ಲೇ ಸಿಕ್ಕಿದ್ದಾರೆ.

ಕಾರಟಗಿ ವಿಜ್ಞಾನ ಟೀಚರ್

ಸಿಕ್ಕಿತು ಸರ್! ಕ್ಲಿಪ್ 28ರ ಕೊನೆಯಲ್ಲಿ ಒಂದು ಸೆಕೆಂಡೂ ಇಲ್ಲ, ನೋಟ್‌ಬುಕ್ ಕಾಣುತ್ತದೆ. 'ಮಸಾರಿ 30 ನಿ. – 190' ಅಂತ ಪೆನ್ನಲ್ಲಿ ಬರೆದಿದೆ. ತರಗತಿಯಲ್ಲಿ ಎಲ್ಲರೂ ಕಿರುಚಿದರು, ಪಕ್ಕದ ಕ್ಲಾಸಿನ ಸರ್ ಬಂದು ಕೇಳಿದರು. ಆದರೆ ಓಡಿಸಿದರೆ ಓದಲು ಆಗುವುದಿಲ್ಲ.

ಬಳ್ಳಾರಿ ಎಡಿಟಿಂಗ್ ಟೇಬಲ್

ನಿಲ್ಲಿಸಿ ಒಂದೇ ಚಿತ್ರ ತೆಗೆದುಕೊಳ್ಳಿ. ಅದೂ ಆವತ್ತಿನದೇ. ಫೋನ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆದರೂ ನಡೆಯುತ್ತೆ. ಶಾಲೆಯ ಕಂಪ್ಯೂಟರ್‌ನಲ್ಲಿ ffmpeg ಅನ್ನೋ ವಿಡಿಯೋ ಸಾಫ್ಟ್‌ವೇರ್ ಇದ್ದರೆ ಈ ಸಾಲು ಹಾಕಿ. ಸೆಕೆಂಡ್ ಮತ್ತು ಫೈಲ್ ಹೆಸರು ನಿಮ್ಮದು ಬರೆಯಿರಿ.

```
ffmpeg -ss 00:00:41.5 -i VID_20241123_121407.mp4 -frames:v 1 patti.png
```

ಕೈ ಅಲುಗಾಡಿ ಅಕ್ಷರ ಮಸುಕಾಗಿದ್ದರೆ 41.5 ಬದಲು 41.4, 41.6 ಹಾಕಿ ನೋಡಿ. ಅಕ್ಕಪಕ್ಕದ ಚಿತ್ರಗಳಲ್ಲಿ ಒಂದಾದರೂ ಸ್ಪಷ್ಟ ಇರಬಹುದು. ವಿಡಿಯೋದಲ್ಲಿ 6 ಸೆಕೆಂಡ್ ನಿಲ್ಲಿಸಿ.

ಗಂಗಾವತಿ ಅಮ್ಮ

ನೋಟ್‌ಬುಕ್ ಪುಟ ನಿಲ್ಲಿಸಿ ತೋರಿಸುವ ಮುಂಚೆ ಅದರಲ್ಲಿ ಮಕ್ಕಳ ಹೆಸರು, ಮನೆ ಫೋನ್ ನಂಬರ್ ಇದೆಯಾ ನೋಡಿ ಟೀಚರ್. ಓಡುವಾಗ ಕಾಣದ್ದು ನಿಲ್ಲಿಸಿದರೆ ಕಾಣುತ್ತೆ. ನನ್ನ ಮಗಳ ನೋಟ್‌ಬುಕ್ ಮೇಲೆ ನನ್ನ ನಂಬರ್ ಯಾವಾಗಲೂ ಇರುತ್ತೆ.

ಕಾರಟಗಿ ವಿಜ್ಞಾನ ಟೀಚರ್

ಹೌದು ಅಕ್ಕ, ಮೇಲೆ ಮೂವರ ಹೆಸರಿತ್ತು. ಅಷ್ಟು ಭಾಗ ಕತ್ತರಿಸಿದೆವು.

ಇನ್ನೊಂದು ವಿಷಯ. ಕ್ಲಿಪ್ 33ರಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಒಂದು ಬೀಳು ತಾಕು ಇದೆ. ನೆಲದ ಮೇಲೆ ಬಿಳಿ ಬಿಳಿ. 'ಎರೆ ಮಣ್ಣಿನಲ್ಲಿ ನೀರು ಇಳಿಯುವುದಿಲ್ಲ, ಅದಕ್ಕೇ ನಮ್ಮ ಊರಿನ ಭೂಮಿ ಸವಳಾಯಿತು' ಅಂತ ಮುಗಿಸಬೇಕು ಅನ್ನೋದು ಮಕ್ಕಳ ಆಸೆ.

ಸಿಂಧನೂರು ಗದ್ದೆ

ಟೀಚರ್, ನಂದು ಸಿಂಧನೂರು ಕಡೆ ಎಂಟು ಎಕರೆ ಭತ್ತ. ಅದರಲ್ಲಿ ಒಂದೂವರೆ ಎಕರೆ ಸವಳು. ಸವಳು ಮೇಲಿಂದ ಬರೋದಲ್ಲ, ಕೆಳಗಿಂದ ಬರೋದು. ಕಾಲುವೆ ಬಂದ ಮೇಲೆ ವರ್ಷಾನುಗಟ್ಟಲೆ ಗದ್ದೆಗೆ ನೀರು ನಿಲ್ಲಿಸಿ ನಿಲ್ಲಿಸಿ ಭೂಮಿಯೊಳಗಿನ ನೀರು ಮೇಲೆ ಬಂತು. ಆ ನೀರು ಉಪ್ಪನ್ನು ಎಳ್ಕೊಂಡು ಬರುತ್ತೆ. ಬಿಸಿಲಿಗೆ ನೀರು ಆರುತ್ತೆ, ಉಪ್ಪು ಉಳಿಯುತ್ತೆ. ಬಸಿಗಾಲುವೆ ಸರಿ ಇದ್ದ ಕಡೆ ಎರೆಯಲ್ಲೂ ಬೆಳೆ ಚೆನ್ನಾಗೇ ಇದೆ. ಸುಮ್ನೆ ಮಣ್ಣಿನ ಮೇಲೆ ತಪ್ಪು ಹಾಕಬೇಡಿ.

ಎರೆಮಣ್ಣು ಓದಿದವಳು

ಅಣ್ಣ ಹೇಳಿದ್ದು ಸರಿ. ಮೇಡಂ, ಎರೆಯಲ್ಲಿ ನೀರು ನಿಧಾನಕ್ಕೆ ಇಳಿಯುವುದು ಸವಳು–ಜವಳಿಗೆ ಸಹಾಯ ಮಾಡುತ್ತದೆ, ನಿಜ. ಆದರೆ ನಿಮ್ಮ ಬಾಟಲಿ ತೋರಿಸಿದ್ದು ಮೇಲಿಂದ ಕೆಳಗೆ ಹೋಗುವ ನೀರು. ಸವಳಿನ ಕಥೆ ಕೆಳಗಿಂದ ಮೇಲೆ ಬರುವ ನೀರಿನದು. ಆ 37 ಕ್ಲಿಪ್‌ನಲ್ಲಿ ಅದು ಇಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಈ ಸವಳಿನ ಮೇಲೆಯೇ ಕೆಲಸ ಮಾಡುತ್ತಾರೆ. ಮುಂದಿನ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಈ ವಿಡಿಯೋದಲ್ಲಿ 33ನ್ನು ಉತ್ತರವಾಗಿ ಇಡಬೇಡಿ, ಪ್ರಶ್ನೆಯಾಗಿ ಇಡಿ.

ಬಳ್ಳಾರಿ ಎಡಿಟಿಂಗ್ ಟೇಬಲ್

ಚೀಟಿ ಆಟದಲ್ಲೂ ಇದು ತಾನಾಗಿ ಗೊತ್ತಾಗುತ್ತೆ ಟೀಚರ್. ಹೇಳಬೇಕು ಅಂದುಕೊಂಡ ಒಂದೊಂದು ಮಾತನ್ನೂ ಬೇರೆ ಬಣ್ಣದ ಚೀಟಿಯಲ್ಲಿ ಬರೆದು ಮೇಲಿನ ಸಾಲಿನಲ್ಲಿ ಇಡಿ. ಅದರ ಕೆಳಗೆ ಅದನ್ನು ತೋರಿಸುವ ಕ್ಲಿಪ್ ಚೀಟಿ ಬರಬೇಕು. ಕೆಳಗೆ ಖಾಲಿ ಇದ್ದರೆ ಆ ಮಾತು ತೆಗೆಯಿರಿ. ಮಾತಿಗಾಗಿ ಕ್ಲಿಪ್ ಅನ್ನು ತಿರುಚಬೇಡಿ.

ಕಾರಟಗಿ ವಿಜ್ಞಾನ ಟೀಚರ್

ನಿನ್ನೆ ಸಂಜೆ ವರಾಂಡದಲ್ಲಿ ಚೀಟಿ ಹಾಸಿದೆವು. ಗಾಳಿಗೆ ಹಾರದಂತೆ ಮೇಲೆ ಹುಣಸೆಬೀಜ ಇಟ್ಟರು. ಸುಮಾರು ಒಂದೂವರೆ ಗಂಟೆ ಆಯ್ತು. ಈಗ ಹೀಗಿದೆ.

ಶುರುವಿಗೆ ಕ್ಲಿಪ್ 9, 8 ಸೆಕೆಂಡ್, ಆ ಹುಡುಗಿಯ ಕೂಗಿನ ಸಮೇತ. ಯಾಕೆ ಬೇಗ ಬಂತು ಅನ್ನುವುದೇ ಈಗ ವಿಡಿಯೋದ ಪ್ರಶ್ನೆ. ಆಮೇಲೆ ಹೊಲದ ಬಿರುಕು 10 ಸೆಕೆಂಡ್. ಗಾಳಿ ಶಬ್ದ ತೆಗೆದು ಅಲ್ಲಿ ಮಾತ್ರ ಹಿನ್ನೆಲೆ ಮಾತು. ಹೆಂಟೆ ಒಡೆದು ಜರಡಿ ಹಿಡಿಯುವುದು 16. ಇಲ್ಲಿ 'ಶನಿವಾರ' ಅಂತ ಅಕ್ಷರ ಬರುತ್ತದೆ. ಮಂಗಳವಾರ–ಶನಿವಾರ ಅಕ್ಕಪಕ್ಕ 16. ಬೇಗ ಓಡಿಸಿದ 11 ನಿಮಿಷಕ್ಕೆ 22. ಕಪ್ಪು ಪರದೆ 4. ಎರೆಯ ಬೀಕರ್ 9, ನೋಟ್‌ಬುಕ್ ಚಿತ್ರ 6. ಬೀಳು ತಾಕು 12. ಕೊನೆಗೆ ಕ್ಲಿಪ್ 31, 8 ಸೆಕೆಂಡ್. ಅದರ ವಿಷಯ ಕೆಳಗೆ ಹೇಳುತ್ತೇನೆ.

ಕೂಡಿಸಿದರೆ 111 ಸೆಕೆಂಡ್. ಎರಡು ನಿಮಿಷವೂ ಇಲ್ಲ. ಮಕ್ಕಳಿಗೆ ಬೇಜಾರಾಯ್ತು. 37 ಕ್ಲಿಪ್‌ನಲ್ಲಿ 9 ಮಾತ್ರ ಬಳಸಿದ್ದೇವೆ.

ಬಳ್ಳಾರಿ ಎಡಿಟಿಂಗ್ ಟೇಬಲ್

4 ನಿಮಿಷ ಮೀರಬಾರದು ಅಂತ ತಾನೇ ಇರೋದು, ತುಂಬಿಸಬೇಕು ಅಂತ ಇಲ್ಲವಲ್ಲ. ತುಂಬಿಸಲು ಹೋಗಬೇಡಿ. ಸಮಯ ಸೇರಿಸಲೇಬೇಕು ಅಂದರೆ ಅಕ್ಷರ ಮತ್ತು ಅಂಕಿ ಇರುವ ಕಡೆ ಸೇರಿಸಿ. ಯಾರಾದರೂ ಒಬ್ಬ ಹುಡುಗನ ಹತ್ತಿರ ಕಪ್ಪು ಪರದೆಯ ಸಾಲನ್ನು ಜೋರಾಗಿ ಎರಡು ಸಲ ಓದಿಸಿ. 4 ಸೆಕೆಂಡಿನಲ್ಲಿ ಮುಗಿಯದಿದ್ದರೆ 6 ಮಾಡಿ.

31ರಲ್ಲಿ ಏನಿದೆ?

ಕಾರಟಗಿ ವಿಜ್ಞಾನ ಟೀಚರ್

31ರಲ್ಲಿ ಮುಂದೆ ಮಕ್ಕಳು ಕೈ ತೊಳೆಯುತ್ತಿದ್ದಾರೆ. ಬೇಡ ಅಂತ ಬಿಟ್ಟಿದ್ದೆವು. ಚೀಟಿಗೆ ಚಿತ್ರ ಬರೆಯುವಾಗ ಒಬ್ಬ ಹುಡುಗ ಹಿಂದಿನ ಕಿಟಕಿಕಟ್ಟೆ ನೋಡಿದ. ಅಲ್ಲಿ ಎರೆ ಮಣ್ಣಿನ ತಟ್ಟೆ ಇದೆ. ಅಂಚಿನಲ್ಲಿ ಬಿಳಿ ಪದರ ಕಟ್ಟಿದೆ. ಬೀಳು ತಾಕಿನಲ್ಲಿ ಕಂಡ ಹಾಗೇ!

ಸಿಂಧನೂರು ಗದ್ದೆ

ಅದು ಉಪ್ಪೇ ಟೀಚರ್. ನೆನೆದ ಮಣ್ಣು ಆರಿದಾಗ ಅಂಚಿಗೆ ಬರುತ್ತೆ. ದಿನಾ ನೋಡ್ತೀನಿ ನಾನು.

ಎರೆಮಣ್ಣು ಓದಿದವಳು

ಇರಬಹುದು ಅಣ್ಣ. ಆದರೆ ನಮ್ಮ ಎರೆ ಮಣ್ಣಿನಲ್ಲಿ ಸುಣ್ಣವೂ ಇರುತ್ತದೆ. ವಿಡಿಯೋದಲ್ಲಿ ಬಿಳಿ ಕಂಡರೆ ಉಪ್ಪೋ ಸುಣ್ಣವೋ ಹೇಳಲು ಆಗಲ್ಲ. 'ಬಿಳಿ ಪದರ' ಅಂತಷ್ಟೇ ಬರೆಯಿರಿ. ಮೇಡಂ, ಆ ಕ್ಲಿಪ್ ಯಾವ ದಿನದ್ದು? ಪ್ರಯೋಗ ಮುಗಿದ ಮೇಲೆ ನೆನೆದ ಮಣ್ಣನ್ನು ತಟ್ಟೆಗೆ ಹಾಕಿದ್ದಾ, ಅಥವಾ ನೀರೇ ಹಾಕದ ಮಣ್ಣಾ? ಎರಡಕ್ಕೂ ಅರ್ಥ ಬೇರೆ. ಹೊಲದಿಂದ ತಂದಾಗಲೇ ಬಿಳಿ ಇದ್ದರೆ, ಅದು ತಟ್ಟೆಯಲ್ಲಿ ಆದದ್ದೇ ಅಲ್ಲ.

ಕಾರಟಗಿ ವಿಜ್ಞಾನ ಟೀಚರ್

ಅದೇ ಗೊತ್ತಾಗುತ್ತಿಲ್ಲ. ಬೇರೆ ಕ್ಲಿಪ್‌ಗಳ ಹೆಸರಿನಲ್ಲೇ ದಿನ, ಗಂಟೆ ಇದೆ. VID_20241119 ಅಂದರೆ ಮಂಗಳವಾರ, VID_20241123 ಅಂದರೆ ಶನಿವಾರ. 31 ಮಾತ್ರ VID-20241125-WA0012.mp4 ಅಂತಿದೆ.

ಬಳ್ಳಾರಿ ಎಡಿಟಿಂಗ್ ಟೇಬಲ್

ಅದು ವಾಟ್ಸಾಪ್‌ನಲ್ಲಿ ಬಂದ ಪ್ರತಿ. ಹೆಸರಿನಲ್ಲಿರೋದು ನಿಮಗೆ ಬಂದ ದಿನ, ತೆಗೆದ ದಿನ ಅಲ್ಲ. ಗಂಟೆಯೂ ಹೋಗಿದೆ, ಚಿತ್ರವೂ ಕುಗ್ಗಿದೆ. ಹಿಂದಿನ ಕಿಟಕಿಕಟ್ಟೆಯನ್ನು ದೊಡ್ಡದು ಮಾಡಿ ತೋರಿಸಬೇಕಾದರೆ ಮೂಲ ಕ್ಲಿಪ್ಪೇ ಬೇಕು. ತೆಗೆದ ಫೋನ್‌ನಲ್ಲಿ ಇನ್ನೂ ಇದ್ದರೆ ಕೇಬಲ್ ಹಾಕಿ ತಗೊಳ್ಳಿ. ವಾಟ್ಸಾಪ್‌ನಲ್ಲೇ ಕಳಿಸಬೇಕಾದರೆ ವಿಡಿಯೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸಲಿ. ಸದ್ಯಕ್ಕೆ ಮಕ್ಕಳ ಬಟ್ಟೆ ನೋಡಿ. ಬಿಳಿ ಯೂನಿಫಾರ್ಮ್ ಇದೆಯಾ?

ಕಾರಟಗಿ ವಿಜ್ಞಾನ ಟೀಚರ್

ಬಿಳಿ ಇಲ್ಲ. ಅಂದರೆ ಶನಿವಾರ ಅಲ್ಲ. ಮಂಗಳವಾರವೋ, 25ರ ಸೋಮವಾರವೋ. ಮಂಗಳವಾರ ಆಗಿದ್ದರೆ ಆ ತಟ್ಟೆಗೆ ಇನ್ನೂ ನೀರು ಬಿದ್ದಿಲ್ಲ. ಸೋಮವಾರ ಆಗಿದ್ದರೆ ಅದು ಶನಿವಾರದ ನೆನೆದ ಮಣ್ಣು.

ತೆಗೆದ ಫೋನ್ ಒಬ್ಬ ಹುಡುಗನ ಅಣ್ಣನದು. ಅವರು ಭತ್ತ ಕೊಯ್ಲಿನ ಮಷಿನ್ ಜೊತೆ ಮಸ್ಕಿ ಕಡೆ ಹೋಗಿದ್ದಾರೆ, ಶುಕ್ರವಾರ ಬರುತ್ತಾರಂತೆ. ಅಲ್ಲಿವರೆಗೆ 31ರ ಚೀಟಿಯನ್ನು ಸಾಲಿನಿಂದ ಸ್ವಲ್ಪ ಕೆಳಗೆ, ಪ್ರಶ್ನೆ ಗುರುತು ಹಾಕಿ ಇಟ್ಟಿದ್ದೇವೆ.